ಸತ್ತ ಕೊಟೇಶನ್‌ಗಳ ಲೆಕ್ಕ

ಪೀಣ್ಯದಲ್ಲಿ ಕಾರ್ಖಾನೆಗಳಿಗೆ ಏರ್ ಕಂಪ್ರೆಸರ್ ಮಾರುವ ಒಂದು ಸಣ್ಣ ಸಂಸ್ಥೆ ಇದೆ ಎಂದುಕೊಳ್ಳೋಣ. ಇವತ್ತು ಜನವರಿ 1. ಮಾರ್ಚ್ 31ರೊಳಗೆ 90 ಲಕ್ಷ ರೂಪಾಯಿಯ ಆರ್ಡರ್ ಬರಬೇಕು. ಮಾಲೀಕರ ರಿಜಿಸ್ಟರ್‌ನಲ್ಲಿ ಮೂರು ಬಗೆಯ ಗಿರಾಕಿಗಳಿದ್ದಾರೆ. ಕಾರ್ಖಾನೆಗೆ ಹೋಗಿ ನೋಡಿ ಬಂದಿರುವುದು 60 ಲಕ್ಷದ ವ್ಯವಹಾರ, ಕೊಟೇಶನ್ ಕೊಟ್ಟು ಕಾಯುತ್ತಿರುವುದು 120 ಲಕ್ಷದ್ದು, ದರದ ಚೌಕಾಸಿಗೆ ಬಂದು ನಿಂತಿರುವುದು 60 ಲಕ್ಷದ್ದು. ಒಟ್ಟು 240 ಲಕ್ಷ. ಮಾರಾಟದವರು ಇದನ್ನು ಪೈಪ್‌ಲೈನ್ ಎನ್ನುತ್ತಾರೆ. ಅದನ್ನು ಗುರಿಯಿಂದ ಭಾಗಿಸಿದರೆ ಸಿಗುವ 2.67 ಎಂಬ ಸಂಖ್ಯೆಯೇ ಕವರೇಜ್.

ಕವರೇಜ್ ಮೂರರಷ್ಟಿದ್ದರೆ ಸಾಕು ಎಂಬ ಮಾತು ಈ ವೃತ್ತಿಯಲ್ಲಿ ಬಹಳ ಚಾಲ್ತಿಯಲ್ಲಿದೆ. ಮೂರು ವ್ಯವಹಾರಗಳಲ್ಲಿ ಒಂದು ಗೆಲ್ಲುವವರಿಗೆ ಮಾತ್ರ ಅದು ಸರಿ. ನಾಲ್ಕರಲ್ಲಿ ಒಂದು ಗೆಲ್ಲುವವರಿಗೆ ನಾಲ್ಕರಷ್ಟು ಬೇಕು. ಹಾಗಾಗಿ ಮೊದಲು ತಿಳಿಯಬೇಕಾದದ್ದು ಗೆಲುವಿನ ಪ್ರಮಾಣ, ಅಂದರೆ ವಿನ್ ರೇಟ್. ತಪ್ಪು ಶುರುವಾಗುವುದೂ ಅಲ್ಲಿಯೇ.

ಕಳೆದ ವರ್ಷದ ಕೊಟೇಶನ್‌ಗಳಲ್ಲಿ ಗೆದ್ದದ್ದು 20, ಸೋತದ್ದು 30 ಎಂದು ರಿಜಿಸ್ಟರ್ ಹೇಳುತ್ತದೆ. ಇತ್ಯರ್ಥವಾದ 50ರಲ್ಲಿ 20 ಅಂದರೆ ಶೇ. 40. ಆದರೆ ಸೋತೆ ಎಂದು ಬರೆಯಲು ಯಾವ ಮಾರಾಟಗಾರನಿಗೂ ಮನಸ್ಸು ಬರುವುದಿಲ್ಲ. ಗಿರಾಕಿ ಬೇರೆಯವರಿಂದ ಯಂತ್ರ ತಂದು ಕೂರಿಸಿಕೊಂಡಿದ್ದರೂ ಪುಸ್ತಕದಲ್ಲಿ ‘ಮುಂದಿನ ತಿಂಗಳು ಹೇಳುತ್ತಾರಂತೆ’ ಎಂದೇ ಇರುತ್ತದೆ. ಇಂಥ 30 ಸತ್ತ ಕೊಟೇಶನ್‌ಗಳನ್ನೂ ಸೋಲಿಗೆ ಸೇರಿಸಿದರೆ 80ರಲ್ಲಿ 20, ಅಂದರೆ ಶೇ. 25. ಗಮನಿಸಿ, ಬರೆಯದೆ ಬಿಟ್ಟ ಸೋಲು ಎರಡು ಕಡೆ ಸುಳ್ಳು ಹೇಳುತ್ತದೆ: ಪೈಪ್‌ಲೈನನ್ನೂ ಹಿಗ್ಗಿಸುತ್ತದೆ, ಗೆಲುವಿನ ಪ್ರಮಾಣವನ್ನೂ ಹಿಗ್ಗಿಸುತ್ತದೆ.

ಇದರ ಬೆಲೆ ಎಷ್ಟೆಂದು ನೋಡೋಣ. ನೋಡಿ ಬಂದ ಕಾರ್ಖಾನೆಗಳಲ್ಲಿ ಶೇ. 60 ಕೊಟೇಶನ್ ಹಂತಕ್ಕೆ ಬರುತ್ತವೆ, ಚೌಕಾಸಿಗೆ ಬಂದದ್ದರಲ್ಲಿ ಶೇ. 60 ಆರ್ಡರ್ ಆಗುತ್ತವೆ ಎಂದಿಟ್ಟುಕೊಳ್ಳಿ. ಹೀಗೆ ಒಂದು ಹಂತದಿಂದ ಮುಂದಿನದಕ್ಕೆ ಎಷ್ಟು ದಾಟುತ್ತದೆ ಎಂಬುದೇ ಹಂತದ ಪರಿವರ್ತನೆ. ಶೇ. 40ರ ಲೆಕ್ಕದಲ್ಲಿ ಕೊಟೇಶನ್‌ಗಳಿಂದ 48 ಲಕ್ಷ, ಚೌಕಾಸಿಯಿಂದ 36 ಲಕ್ಷ, ನೋಡಿ ಬಂದದ್ದರಿಂದ ಸುಮಾರು 14 ಲಕ್ಷ. ಒಟ್ಟು 98 ಲಕ್ಷ. ಗುರಿ ಮುಟ್ಟಿತೆಂದು ಮಾಲೀಕರು ನಿಶ್ಚಿಂತರಾಗುತ್ತಾರೆ.

ಈಗ ಪುಸ್ತಕ ತೊಳೆಯೋಣ. ಈ ಸಂಸ್ಥೆಯಲ್ಲಿ ಕೊಟೇಶನ್ ಕೊಟ್ಟ ಸುಮಾರು 60 ದಿನಕ್ಕೆ ಆರ್ಡರ್ ಬರುತ್ತದೆ, 120 ದಿನ ದಾಟಿದ ಮೇಲೆ ಬಂದದ್ದೇ ಇಲ್ಲವೆನ್ನುವಷ್ಟು ಕಡಿಮೆ. 120 ಲಕ್ಷದಲ್ಲಿ 40 ಲಕ್ಷದ್ದು ಆ ವಯಸ್ಸು ದಾಟಿದೆ, ಅದನ್ನು ತೆಗೆಯಬೇಕು. ಉಳಿದ 80 ಲಕ್ಷದ ಕಾಲುಭಾಗ 20 ಲಕ್ಷ. ನೋಡಿ ಬಂದ 60 ಲಕ್ಷದಿಂದ 9 ಲಕ್ಷ. ಚೌಕಾಸಿಯ 36 ಸೇರಿದರೆ ಒಟ್ಟು 65 ಲಕ್ಷ. ಗುರಿಗೆ 25 ಲಕ್ಷ ಕಡಿಮೆ.

ಆ 25 ಲಕ್ಷ ತುಂಬಲು ಒಂದು ಕೋಟಿಯ ಹೊಸ ಕೊಟೇಶನ್ ಹೊರಡಬೇಕು. ಅದೂ ಜನವರಿ ಮುಗಿಯುವುದರೊಳಗೆ, ಏಕೆಂದರೆ ಫೆಬ್ರವರಿ ಕೊನೆಗೆ ಕೊಟ್ಟ ಕೊಟೇಶನ್ ಸಾಮಾನ್ಯವಾಗಿ ಏಪ್ರಿಲ್‌ನಲ್ಲೇ ಹಣ್ಣಾಗುವುದು. ಸಂಸ್ಥೆ ತಿಂಗಳಿಗೆ ಕೊಡುವುದು 50 ಲಕ್ಷದ ಕೊಟೇಶನ್ ಆದರೆ, ಅದರಿಂದ ನಿರೀಕ್ಷಿಸಬಹುದಾದದ್ದು ಹನ್ನೆರಡೂವರೆ ಲಕ್ಷ. ಅಂದಾಜು ಸುಮಾರು 77 ಲಕ್ಷಕ್ಕೆ ನಿಲ್ಲುತ್ತದೆ.

ಈ ಅಂಕಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಚೌಕಾಸಿಯ 60 ಲಕ್ಷದಲ್ಲಿ 40 ಲಕ್ಷ ಒಂದೇ ಕಾರ್ಖಾನೆಯದ್ದಾಗಿದ್ದರೆ? ಲೆಕ್ಕದಲ್ಲಿ ಅದಕ್ಕೆ ಹಿಡಿದದ್ದು 24 ಲಕ್ಷ. ಆದರೆ ಯಾರೂ ಕಂಪ್ರೆಸರ್‌ನ ಶೇ. 60 ಭಾಗ ಕೊಳ್ಳುವುದಿಲ್ಲ. ಬಂದರೆ ಪೂರ್ತಿ 40, ಇಲ್ಲದಿದ್ದರೆ ಸೊನ್ನೆ. ಬಂದರೆ ಸುಮಾರು 93 ಲಕ್ಷವಾಗಿ ಗುರಿ ದಾಟುತ್ತದೆ, ತಪ್ಪಿದರೆ 53ಕ್ಕೆ ಇಳಿಯುತ್ತದೆ. ಸರಾಸರಿ ದರ ನೂರಾರು ಸಣ್ಣ ವ್ಯವಹಾರಗಳಿಗೆ ಒಪ್ಪುತ್ತದೆ, ಒಂದು ದೊಡ್ಡದಕ್ಕೆ ಒಪ್ಪುವುದಿಲ್ಲ. ಇಂಥಲ್ಲಿ ಒಂದೇ ಅಂಕಿ ಹೇಳುವ ಬದಲು ಎರಡನ್ನೂ ಹೇಳುವುದೇ ಪ್ರಾಮಾಣಿಕ ಅಂದಾಜು ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ಯಾಂಕಿನಲ್ಲಿ ಸಾಲದ ಮಿತಿ ಕೇಳುವಾಗ, ಯಂತ್ರಗಳಿಗೆ ಮುಂಗಡ ಕಟ್ಟುವಾಗ 53ರ ಲೆಕ್ಕವನ್ನೂ ಮುಂದಿಟ್ಟುಕೊಳ್ಳಬೇಕಾಗುತ್ತದೆ.

ನಿಮ್ಮದೂ ಇಂಥ ವ್ಯಾಪಾರವಾದರೆ, ಮುಂದಿನ ಮೂರು ತಿಂಗಳ ಗುರಿ ಬರೆಯುವ ಮೊದಲು ಹಳೆಯ ಕೊಟೇಶನ್‌ಗಳನ್ನು ಮುಂದಿಟ್ಟುಕೊಂಡು ಒಬ್ಬೊಬ್ಬ ಗಿರಾಕಿಗೂ ಫೋನ್ ಮಾಡಿ. ಯಂತ್ರ ಬೇರೆ ಕಡೆ ಕೊಂಡಾಯಿತು ಎಂದವರ ಹೆಸರಿನ ಮುಂದೆ ‘ಸೋಲು’ ಎಂದು, ಆ ದಿನದ ತಾರೀಖು ಹಾಕಿ ಬರೆಯಿರಿ.