ಚಿತ್ರದ ಸಮೀಕರಣ, ಸಾಲಿನ ಬರಹ

ರಸಾಯನಸೂತ್ರದ ಅಂಕಿಗೆ ಅದರ ಸ್ಥಾನದಿಂದಲೇ ಅರ್ಥ. ಅಡಿಯ ಅಂಕಿ ಪರಮಾಣುಗಳ ಸಂಖ್ಯೆಯನ್ನು ಹೇಳಿದರೆ, ಮೇಲ್ಬದಿಯ ಅಂಕಿಯೂ ಚಿಹ್ನೆಯೂ ಅಯಾನಿನ ವಿದ್ಯುದಾವೇಶವನ್ನು ಸೂಚಿಸುತ್ತವೆ. ಕರಿಹಲಗೆಯ ಛಾಯಾಚಿತ್ರವನ್ನು ನೋಡಿ ಟೈಪು ಮಾಡುವಾಗ ಎಲ್ಲವೂ ಒಂದೇ ಸಾಲಿಗೆ ಬಂದರೆ ಸಲ್ಫೇಟು SO42- ಆಗುತ್ತದೆ. ಆಕ್ಸಿಜನ್ನಿನ ಪರಮಾಣುಗಳು ನಲವತ್ತೆರಡೆಂದು ಓದಲೂ ಆಸ್ಪದವಾಗುತ್ತದೆ. ಆದ್ದರಿಂದ ಅಡಿಯ ಅಂಕಿಯನ್ನು ಹಾಗೆಯೇ ಇರಿಸಿ, ಆವೇಶಕ್ಕೆ ಮೊದಲು ^ ಚಿಹ್ನೆಯಿಟ್ಟು SO4^2- ಎಂದು ಬರೆಯುವುದು ಲೇಸು. ಬಾಣಕ್ಕೆ ->, ಇಮ್ಮುಖ ಬಾಣಕ್ಕೆ <=> ಸಾಕು. ಕೂಡುವ ಚಿಹ್ನೆಯ ಇಕ್ಕೆಲಗಳಲ್ಲಿ ತೆರಪಿರಬೇಕು. ಇಲ್ಲವಾದರೆ ಅದು ಆವೇಶದ + ಚಿಹ್ನೆಯೊಡನೆ ಬೆರೆತುಹೋಗುತ್ತದೆ.

ಆಮ್ಲೀಯ ದ್ರಾವಣದಲ್ಲಿ ಪರ್‌ಮ್ಯಾಂಗನೇಟು ಕಬ್ಬಿಣದ ಅಯಾನನ್ನು ಉತ್ಕರ್ಷಿಸುವ ಕ್ರಿಯೆ ಹೀಗಿದೆ:

```
MnO4^- + 5 Fe^2+ + 8 H^+ -> Mn^2+ + 5 Fe^3+ + 4 H2O
```

ಮಸುಕಾದ ಚಿತ್ರದಲ್ಲಿ ಬಲಗಡೆಯ Fe^3+ ಅನ್ನು Fe^2+ ಎಂದು ಓದಿದರೆ ಪರಮಾಣುಗಳ ಲೆಕ್ಕದಲ್ಲಿ ಆ ತಪ್ಪು ಕಾಣದು. ಆವೇಶಗಳನ್ನು ಕೂಡಿದಾಗ ಮಾತ್ರ ಕಾಣುತ್ತದೆ: ಎಡಗಡೆ -1 + 10 + 8, ಅಂದರೆ 17, ಬಲಗಡೆ 2 + 10, ಅಂದರೆ 12. ಆಗ ಚಿತ್ರವನ್ನು ಮತ್ತೆ ನೋಡಬೇಕು. 3 ಎಂದು ಓದಿದೊಡನೆ ಬಲಗಡೆಯೂ 2 + 15, ಅಂದರೆ 17 ಆಗುತ್ತದೆ. ಹಲಗೆಯ ಬರಹವೇ ತಪ್ಪಾಗಿದ್ದರೆ ಅದನ್ನು ಸದ್ದಿಲ್ಲದೆ ತಿದ್ದದೆ, ಹಸ್ತಪ್ರತಿಯ ಸಂಪಾದಕನಂತೆ ಇದ್ದುದನ್ನು ಇದ್ದಂತೆ ಬರೆದು, ಸರಿಯಾದ ಪಾಠವನ್ನು ಪಕ್ಕದಲ್ಲಿ ಸೂಚಿಸುವುದು ಯುಕ್ತ.