‘ಇಂದಿನ ವಿಶೇಷ’: ಉಪಾಹಾರಗೃಹದ ಪ್ರಕಟಣೆಯಲ್ಲಿ ಪದಕ್ರಮ

ಉಪಾಹಾರಗೃಹಗಳ ಬಾಗಿಲಲ್ಲಿ ‘ಇಂದಿನ ವಿಶೇಷ’ ಎಂಬ ತಲೆಬರಹದ ಕರಿಹಲಗೆಯೊಂದನ್ನು ನಿಲ್ಲಿಸುವ ರೂಢಿ ನಮ್ಮ ಊರುಗಳಲ್ಲಿ ಹಳೆಯದು. ಈಗ ಅದೇ ಬರಹ ಬೆಳಗಿನ ಹೊತ್ತಿಗೆ ಗಿರಾಕಿಗಳ ಮೊಬೈಲ್‌ಗೂ ಹೋಗುತ್ತದೆ. ಇದನ್ನು ಓದುವವನು ಪುಸ್ತಕದ ಓದುಗನಲ್ಲ. ನಡೆದುಹೋಗುತ್ತಿರುವವನು, ಹಸಿದವನು, ಜೇಬಿನಲ್ಲಿರುವ ಹಣವನ್ನು ಲೆಕ್ಕಹಾಕುತ್ತಿರುವವನು. ಅವನು ಆ ಬರಹಕ್ಕೆ ಕೊಡುವ ಕಾಲ ಕೆಲವೇ ಕ್ಷಣಗಳು. ಅಷ್ಟರೊಳಗೆ ಅವನಿಗೆ ತಿಳಿಯಬೇಕಾದ ಸಂಗತಿಗಳು ಮೂರು: ತಿನಿಸು ಯಾವುದು ಮತ್ತು ಅದರ ರುಚಿ ಎಂತಹುದು, ಅದರಲ್ಲಿ ಏನೇನಿದೆ, ಬೆಲೆ ಎಷ್ಟು. ಇಂತಹ ಪ್ರಕಟಣೆಗಳು ಕನ್ನಡದಲ್ಲಿ ಎಲ್ಲಿ ಎಡವುತ್ತವೆ, ಅವನ್ನು ತಿದ್ದುವ ಬಗೆ ಯಾವುದು ಎಂಬುದನ್ನು ಒಂದೇ ಉದಾಹರಣೆಯ ಮೂಲಕ ವಿವೇಚಿಸುವುದು ಈ ಲೇಖನದ ಉದ್ದೇಶ.

ಅವರೆಕಾಯಿಯ ಕಾಲದಲ್ಲಿ ಹಳೆಯ ಮೈಸೂರು ಸೀಮೆಯ ಊಟದ ಹೋಟೆಲೊಂದು ಬರೆಯಬಹುದಾದ ಈ ಮಾದರಿಯನ್ನು ತೆಗೆದುಕೊಳ್ಳೋಣ.

“ನಮ್ಮ ಪ್ರೀತಿಯ ಗ್ರಾಹಕರಲ್ಲಿ ವಿನಂತಿ. ಇಂದು ನಮ್ಮಲ್ಲಿ ನುರಿತ ಬಾಣಸಿಗರಿಂದ ಶುಚಿರುಚಿಯಾಗಿ ತಯಾರಿಸಲ್ಪಟ್ಟ, ಬಾಯಲ್ಲಿ ನೀರೂರಿಸುವ, ಹಳ್ಳಿಯ ಸೊಗಡಿನ, ತೆಂಗಿನಕಾಯಿ ಹಾಕಿದ ವಿಶೇಷ ಹಿತಕಿದ ಅವರೆಬೇಳೆ ಸಾರು ಮತ್ತು ಮುದ್ದೆ ಊಟ ಕೇವಲ ರೂ. 90/- ಮಾತ್ರ. ಅನ್ನಕ್ಕೆ ಪ್ರತ್ಯೇಕ. ಒಮ್ಮೆ ಬಂದು ಸವಿಯಿರಿ.”

ಇದರಲ್ಲಿ ವ್ಯಾಕರಣದ ತಪ್ಪಿಲ್ಲ. ಗಿರಾಕಿಯ ಬಗೆಗೆ ವಿನಯವೂ ಇದೆ. ಆದರೆ ಎಣಿಸಿ ನೋಡಿದರೆ, ತಿನಿಸಿನ ಹೆಸರು ಆರಂಭವಾಗುವುದಕ್ಕೆ ಮೊದಲು 17 ಪದಗಳು ಕಳೆದಿರುತ್ತವೆ. ನಡೆಯುವವನ ಕಣ್ಣು ಅಷ್ಟು ದೂರ ಸಾಗುವುದಿಲ್ಲ. ಮೊಬೈಲ್‌ನ ತೆರೆಯ ಮೇಲಾದರೋ, ಸಂದೇಶವನ್ನು ತೆರೆಯುವ ಮುನ್ನ ಅದರ ಮೊದಲ ಕೆಲವು ಪದಗಳು ಮಾತ್ರ ಕಾಣುತ್ತವೆ. ಆ ಅಮೂಲ್ಯವಾದ ಸ್ಥಳವನ್ನು “ನಮ್ಮ ಪ್ರೀತಿಯ ಗ್ರಾಹಕರಲ್ಲಿ ವಿನಂತಿ” ಎಂಬುದೇ ಆಕ್ರಮಿಸಿಕೊಳ್ಳುತ್ತದೆ.

ಈ ದೋಷಕ್ಕೆ ಬರೆದವನ ಅಜಾಗರೂಕತೆಯೊಂದೇ ಕಾರಣವಲ್ಲ. ಕನ್ನಡದಲ್ಲಿ ವಿಶೇಷಣವು ವಿಶೇಷ್ಯದ ಹಿಂದೆಯೇ ಬರುತ್ತದೆ. ‘ಹುರಿದ’, ‘ರುಬ್ಬಿದ’, ‘ತೆಂಗಿನಕಾಯಿ ಹಾಕಿದ’ ಮೊದಲಾದ ಕೃದಂತಗಳನ್ನು ಎಷ್ಟು ಪೋಣಿಸಿದರೂ ನಾಮಪದವು ಕೊನೆಗೇ ನಿಲ್ಲಬೇಕು. ಕಥನದಲ್ಲಿ ಈ ಕ್ರಮಕ್ಕೆ ಒಂದು ಸೊಬಗಿದೆ. ಓದುಗ ಕಾಯುತ್ತಾನೆ, ಕಾಯ್ದುದಕ್ಕೆ ಫಲವೂ ಸಿಗುತ್ತದೆ. ಹಲಗೆಯ ಮುಂದೆ ಕಾಯುವವರಿಲ್ಲ. ಹೋಟೆಲಿನವನು ತನ್ನ ತಿನಿಸನ್ನು ಹೊಗಳಿದಷ್ಟೂ ಅದರ ಹೆಸರು ಹಿಂದೆ ಸರಿಯುತ್ತದೆ ಎಂಬುದು ಇಲ್ಲಿನ ವಿಪರ್ಯಾಸ.

ಇದಕ್ಕೆ ಪರಿಹಾರವೂ ನಮ್ಮ ಭಾಷೆಯಲ್ಲಿಯೇ ಇದೆ. ಕ್ರಿಯಾಪದವಿಲ್ಲದ ನಾಮವಾಕ್ಯ ಕನ್ನಡಕ್ಕೆ ಸಹಜವಾದುದು. “ಇದು ಮನೆ”, “ಇವತ್ತು ಹಬ್ಬ” ಎಂದರೆ ಅರ್ಥ ಪೂರ್ಣವಾಗುತ್ತದೆ. ಆದುದರಿಂದ ಒಂದು ಉದ್ದನೆಯ ವಾಕ್ಯವನ್ನು ಒಡೆದು, ಹೆಸರನ್ನು ಮೊದಲ ಸಾಲಿನಲ್ಲಿ ಒಂಟಿಯಾಗಿ ನಿಲ್ಲಿಸಿ, ಉಳಿದ ವಿವರಗಳನ್ನು ಅದರ ಕೆಳಗೆ ಪುಟ್ಟ ಸಾಲುಗಳಾಗಿ ಇಡಬಹುದು. ಹಾಗೆ ಒಡೆಯುವಾಗ ಒಂದೊಂದು ಪದವನ್ನೂ ಪರೀಕ್ಷಿಸಬೇಕು: ಈ ಪದ ಇನ್ನಾವ ತಿನಿಸಿಗೂ ಸಲ್ಲುವುದೋ, ಈ ತಿನಿಸಿಗೆ ಮಾತ್ರ ಸಲ್ಲುವುದೋ?

‘ಶುಚಿರುಚಿ’, ‘ಬಾಯಲ್ಲಿ ನೀರೂರಿಸುವ’, ‘ವಿಶೇಷ’ ಎಂಬವು ಇಡ್ಲಿಗೂ ಸಲ್ಲುತ್ತವೆ, ಜಾಮೂನಿಗೂ ಸಲ್ಲುತ್ತವೆ. ‘ವಿಶೇಷ’ ಎಂಬುದು ತಲೆಬರಹದಲ್ಲಿ ಆಗಲೇ ಬಂದಿದೆ. ‘ತಯಾರಿಸಲ್ಪಟ್ಟ’ ಎಂಬ ಕರ್ಮಣಿ ರೂಪ ಸ್ಥಳವನ್ನು ತಿನ್ನುತ್ತದೆಯೇ ಹೊರತು ಹೊಸದೇನನ್ನೂ ಹೇಳುವುದಿಲ್ಲ. ತಿನಿಸೆಂದ ಮೇಲೆ ಯಾರೋ ತಯಾರಿಸಿಯೇ ಇರುತ್ತಾರೆ. ಆದರೆ ‘ಸೊಗಡು’ ಎಂಬ ಪದದ ಸ್ಥಿತಿ ಬೇರೆ. ‘ಹಳ್ಳಿಯ ಸೊಗಡು’ ಎಂದಾಗ ಅದು ಸವೆದುಹೋದ ರೂಪಕ. ಅದನ್ನೇ ಅವರೆಗೆ ಹೇಳಿದಾಗ ಅದು ವಾಸ್ತವ. ಚಳಿಗಾಲದ ಎಳೆಯ ಅವರೆಕಾಯಿಯನ್ನು ಸುಲಿದ ಕೈಗೆ ಅಂಟಿಕೊಳ್ಳುವ, ತೊಳೆದರೂ ಬೇಗ ಬಿಡದ ಆ ಜಿಡ್ಡಿನ ಘಮಕ್ಕೆ ನಮ್ಮಲ್ಲಿರುವ ಹೆಸರೇ ಸೊಗಡು. ಆದುದರಿಂದ ‘ಹಳ್ಳಿಯ’ ಎಂಬುದನ್ನು ಅಳಿಸಿ ‘ಸೊಗಡಿನ ಅವರೆ’ ಎಂದರೆ ಹೊಗಳಿಕೆಯಾಗಿದ್ದ ಪದ ಮಾಹಿತಿಯಾಗುತ್ತದೆ, ಓದಿದವನ ನಾಲಗೆಗೂ ತಾಗುತ್ತದೆ.

ರುಚಿಯನ್ನು ಹೇಳುವಲ್ಲಿ ಗುಣವಾಚಕಗಳಿಗಿಂತ ಅಡುಗೆಯ ಕ್ರಿಯೆಯನ್ನು ಸೂಚಿಸುವ ಪದಗಳು ಹೆಚ್ಚು ಸಮರ್ಥವಾಗಿರುವುದಕ್ಕೂ ಇದೇ ಕಾರಣ. ‘ರುಚಿಕರವಾದ ಮಸಾಲೆ’ ಎಂದರೆ ಮನಸ್ಸಿನಲ್ಲಿ ಏನೂ ಮೂಡುವುದಿಲ್ಲ. ‘ಹುರಿದು ರುಬ್ಬಿದ ಮಸಾಲೆ’ ಎಂದರೆ ಧನಿಯ, ಮೆಣಸಿನಕಾಯಿ ಬಾಣಲೆಯಲ್ಲಿ ಕಂಪೇರುವುದು ನೆನಪಾಗುತ್ತದೆ. ಸಾರು ತಿಳಿಯಲ್ಲ, ಗಟ್ಟಿಯಾಗಿದೆ ಎಂಬುದೂ ಊಹೆಗೆ ಬರುತ್ತದೆ. ಖಾರದ ವಿಷಯದಲ್ಲಿ ‘ಖಾರ ತುಸು ಮುಂದು’ ಎಂದು ಮನೆಮಾತಿನಲ್ಲಿ ಹೇಳುವಂತೆಯೇ ಹೇಳಬಹುದು. ಖಾರ ಬೇಡದವನು ಆ ಮಾತನ್ನು ಓದಿ ಮುಂದೆ ಹೋದರೆ ಹೋಟೆಲಿಗೆ ನಷ್ಟವಿಲ್ಲ. ತಿಂದು ಅರ್ಧಕ್ಕೆ ಬಿಟ್ಟುಹೋದರೆ ಇಬ್ಬರಿಗೂ ನಷ್ಟ.

ಇನ್ನು ಪದಾರ್ಥಗಳು. ಎಲ್ಲವನ್ನೂ ಪಟ್ಟಿಮಾಡುವುದು ಅನಾವಶ್ಯಕ. ಉಪ್ಪು, ಅರಿಸಿನಗಳನ್ನು ಯಾರೂ ಕೇಳುವುದಿಲ್ಲ. ತಿನ್ನುವ ಅಥವಾ ಬಿಡುವ ನಿರ್ಧಾರಕ್ಕೆ ಕಾರಣವಾಗುವ ಪದಾರ್ಥಗಳನ್ನು ಮಾತ್ರ ಹೆಸರಿಸಬೇಕು. ನಮ್ಮ ಉದಾಹರಣೆಯಲ್ಲಿ ಅವು ಈರುಳ್ಳಿ, ಬೆಳ್ಳುಳ್ಳಿ ಮತ್ತು ತೆಂಗಿನಕಾಯಿ. ಮೊದಲಿನ ಬರಹದಲ್ಲಿ ಈರುಳ್ಳಿ ಬೆಳ್ಳುಳ್ಳಿಗಳ ಮಾತೇ ಇಲ್ಲ. ಅವನ್ನು ತಿನ್ನದವನು ಒಳಕ್ಕೆ ಬಂದು, ಕುಳಿತು, ಮಾಣಿಯನ್ನು ಕೇಳಿ, ಎದ್ದುಹೋಗಬೇಕಾಗುತ್ತದೆ. ಕಡಲೆಕಾಯಿಯಂತಹ ಪದಾರ್ಥ ಒಗ್ಗದೆ ಮೈಗೆ ಅಪಾಯ ತಂದುಕೊಳ್ಳುವವರೂ ಇದ್ದಾರೆ. ಅಂಥದು ತಿನಿಸಿನಲ್ಲಿದ್ದರೆ ಅದರ ಹೆಸರನ್ನು ಸ್ಥಳಾಭಾವದ ನೆಪದಿಂದ ಬಿಡುವಂತಿಲ್ಲ.

ಬೆಲೆಯ ಸಾಲು ಅತ್ಯಂತ ಚಿಕ್ಕದಾದರೂ ಅತ್ಯಂತ ಹೊಣೆಯ ಸಾಲು. ‘ಕೇವಲ’, ‘ಮಾತ್ರ’ ಎಂಬ ಎರಡಕ್ಕೂ ಇಲ್ಲಿ ಒಂದೇ ಅರ್ಥ. 90 ರೂಪಾಯಿ ಅಲ್ಪವೋ ಅಧಿಕವೋ ಎಂಬುದನ್ನು ನಿರ್ಣಯಿಸುವವನು ಕೊಡುವವನು. ಅಂಕಿಯ ಮುಂದಿನ ‘/-’ ಎಂಬ ಗುರುತು ಚೆಕ್ಕು, ರಶೀದಿಗಳಲ್ಲಿ ಯಾರೂ ಅಂಕಿ ಸೇರಿಸದಂತೆ ತಡೆಯುವುದಕ್ಕೆ ಉಪಯುಕ್ತ. ಹಲಗೆಯ ಮೇಲೆ ಅದು ಅನಗತ್ಯವಾದ ಗೀಟು. ನಿಜವಾದ ತೊಡಕಿರುವುದು “ಅನ್ನಕ್ಕೆ ಪ್ರತ್ಯೇಕ” ಎಂಬಲ್ಲಿ. ಎಷ್ಟು ಪ್ರತ್ಯೇಕ? ಜೇಬಿನಲ್ಲಿ 100 ರೂಪಾಯಿ ಇರುವ ವಿದ್ಯಾರ್ಥಿಯೊಬ್ಬ ಈ ಹಲಗೆಯನ್ನು ಓದಿ ಒಳಗೆ ಬಂದನೆನ್ನೋಣ. ಅನ್ನದ ಬೆಲೆ 20 ರೂಪಾಯಿ ಇದ್ದು, ಹೋಟೆಲಿನವನು ಶೇಕಡ 5ರ ಸರಕು ಮತ್ತು ಸೇವಾ ತೆರಿಗೆಯನ್ನು ಬೇರೆಯಾಗಿ ಸೇರಿಸಿದರೆ, ಬಿಲ್ಲು 115 ರೂಪಾಯಿ 50 ಪೈಸೆಯಾಗುತ್ತದೆ. ಗಲ್ಲಾದ ಮುಂದೆ, ಹಿಂದೆ ನಿಂತವರ ಎದುರಿಗೆ, ಅವನು ಅನುಭವಿಸುವ ಸಂಕೋಚಕ್ಕೆ ಹಲಗೆಯ ಎರಡು ಪದಗಳ ಅಸ್ಪಷ್ಟತೆ ಕಾರಣ. ಬೆಲೆಗೆ ಏನೇನು ದೊರೆಯುತ್ತದೆ, ಯಾವುದಕ್ಕೆ ಎಷ್ಟು ಹೆಚ್ಚು, ತೆರಿಗೆ ಸೇರಿದೆಯೋ ಇಲ್ಲವೋ ಎಂಬುದು ಬಾಗಿಲಲ್ಲಿಯೇ ತಿಳಿಯಬೇಕು.

ಹೀಗೆ ವಿಚಾರಿಸಿದ ಮೇಲೆ, ತೆರಿಗೆಯನ್ನು ಬೆಲೆಯೊಳಗೇ ಸೇರಿಸಲು ಹೋಟೆಲಿನವನು ಒಪ್ಪಿದನೆಂದು ಇಟ್ಟುಕೊಂಡರೆ, ಪ್ರಕಟಣೆ ಈ ರೂಪ ತಾಳುತ್ತದೆ:

ಹಿತಕಿದ ಬೇಳೆ ಸಾರು, ರಾಗಿಮುದ್ದೆ: ರೂ. 90
ಸೊಗಡಿನ ಅವರೆ, ಹುರಿದು ರುಬ್ಬಿದ ಮಸಾಲೆ, ಖಾರ ತುಸು ಮುಂದು
ತೆಂಗಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ ಇದೆ
1 ಮುದ್ದೆ, ಸಾರು, ಮಜ್ಜಿಗೆ. ಅನ್ನ ಬೇಕಾದರೆ ರೂ. 20. ತೆರಿಗೆ ಸೇರಿದೆ
ಮಧ್ಯಾಹ್ನ 12ರಿಂದ 3ರವರೆಗೆ

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮೊದಲಿನ ಬರಹದಲ್ಲಿ 32 ಪದಗಳಿದ್ದುವು. ಇದರಲ್ಲಿ 31 ಪದಗಳಿವೆ. ಅಂದರೆ ತಿದ್ದುಪಡಿಯ ಗುಟ್ಟು ಸಂಕ್ಷೇಪದಲ್ಲಿಲ್ಲ, ಕ್ರಮದಲ್ಲಿದೆ. ಮೊದಲ ಸಾಲನ್ನು ಮಾತ್ರ ಓದಿದವನಿಗೆ ತಿನಿಸೂ ಬೆಲೆಯೂ ತಿಳಿದವು. ಎರಡನೆಯ ಸಾಲಿಗೆ ಬಂದವನಿಗೆ ರುಚಿ ತಿಳಿಯಿತು. ನಿಂತು ಓದಿದವನಿಗೆ ಉಳಿದುದೆಲ್ಲ ತಿಳಿಯಿತು. ಯಾವ ಸಾಲಿನಲ್ಲಿ ಓದು ನಿಂತರೂ ಓದಿದಷ್ಟು ವ್ಯರ್ಥವಾಗುವುದಿಲ್ಲ. ಸಂಕ್ಷೇಪವನ್ನೇ ಗುರಿಯಾಗಿಟ್ಟುಕೊಂಡು “ಅವರೆ ಊಟ 90” ಎಂದು ಬರೆದರೆ ಓದು ಸುಲಭವಾಗುತ್ತದೆ, ಆಸೆ ಹುಟ್ಟುವುದಿಲ್ಲ. ಅದು ಹಿತಕಿದ ಬೇಳೆಯೋ ಇಡೀ ಕಾಳೋ ಎಂಬುದೂ ತಿಳಿಯುವುದಿಲ್ಲ. ಕಾಳನ್ನು ನೆನೆಸಿ, ಒಂದೊಂದಾಗಿ ಹಿತುಕಿ ಸಿಪ್ಪೆ ಬಿಡಿಸಿದ ಶ್ರಮವೆಲ್ಲ ‘ಹಿತಕಿದ’ ಎಂಬ ಒಂದು ಪದದಲ್ಲಿದೆ. ಆ ಪದ ಉಳಿಯಲೇಬೇಕು.

ಲಿಪಿಗೆ ಸಂಬಂಧಿಸಿದ ಒಂದು ಮಾತು. ಕನ್ನಡದ ಅಕ್ಷರಗಳಿಗೆ ಮೇಲೆ ತಲೆಕಟ್ಟು, ಗುಡಿಸುಗಳೂ ಕೆಳಗೆ ಒತ್ತಕ್ಷರಗಳೂ ಇರುವುದರಿಂದ, ಸೀಮೆಸುಣ್ಣದಲ್ಲಿ ಸಾಲುಗಳನ್ನು ಒತ್ತೊತ್ತಾಗಿ ಬರೆದರೆ ಮೇಲಿನ ಸಾಲಿನ ‘ಬೆಳ್ಳುಳ್ಳಿ’ಯ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಗಲುತ್ತವೆ. ಎರಡು ಸಾಲುಗಳ ನಡುವೆ ಒಂದು ಅಕ್ಷರದ ಎತ್ತರದಷ್ಟು ಬರಿಯ ಜಾಗ ಬಿಟ್ಟರೆ ಈ ತೊಂದರೆ ನೀಗುತ್ತದೆ. ಮೊಬೈಲ್‌ಗೆ ಕಳುಹಿಸುವಾಗ ಚಿತ್ರದ ಮೇಲೆಯೇ ಅಕ್ಷರಗಳನ್ನು ಬರೆಯದೆ ಚಿತ್ರವನ್ನೂ ಬರಹವನ್ನೂ ಬೇರೆಬೇರೆಯಾಗಿ ಇಡುವುದು ಒಳ್ಳೆಯದು. ಸಾರಿನ ಬಣ್ಣದ ಮೇಲೆ ಅಕ್ಷರಗಳು ಎದ್ದುಕಾಣುವುದಿಲ್ಲ.

ಬರಹ ಸಫಲವಾಯಿತೇ ಎಂಬುದನ್ನು ಪರೀಕ್ಷಿಸಲು ಎರಡು ಸುಲಭ ಉಪಾಯಗಳಿವೆ. ಆ ಹೋಟೆಲಿಗೆ ಎಂದೂ ಬಾರದವರೊಬ್ಬರಿಗೆ ಹಲಗೆಯನ್ನು 5 ಸೆಕೆಂಡು ತೋರಿಸಿ, ಮುಚ್ಚಿ, “ಏನು ತಿನಿಸು? ಎಷ್ಟು ಬೆಲೆ?” ಎಂದು ಕೇಳುವುದು ಒಂದು. ಗಲ್ಲಾದಲ್ಲಿ ಕುಳಿತವರು ಗಿರಾಕಿಗಳ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುವುದು ಇನ್ನೊಂದು. ಒಂದೇ ಪ್ರಶ್ನೆ ಮಧ್ಯಾಹ್ನದೊಳಗೆ ಮತ್ತೆಮತ್ತೆ ಬಂದರೆ, ಅದರ ಉತ್ತರ ಹಲಗೆಯಲ್ಲಿಲ್ಲ, ಇಲ್ಲವೆ ಇರಬಾರದ ಸ್ಥಳದಲ್ಲಿದೆ ಎಂದು ತಿಳಿಯಬೇಕು.

ಈ ವಿಧಾನಕ್ಕೆ ಮಿತಿಯೂ ಇದೆ. ನಿಖರವಾದ ಪದ ನಿಖರವಾದ ಹೊಣೆಯನ್ನೂ ಹೊರಿಸುತ್ತದೆ. ‘ಬಾಯಲ್ಲಿ ನೀರೂರಿಸುವ’ ಎಂಬುದನ್ನು ಸುಳ್ಳೆಂದು ಯಾರೂ ಸಾಧಿಸಲಾರರು. ‘ಸೊಗಡಿನ ಅವರೆ’ ಎಂಬುದನ್ನು ಮೊದಲ ತುತ್ತಿನಲ್ಲಿಯೇ ಸಾಧಿಸಬಹುದು. ಸಂಕ್ರಾಂತಿ ಕಳೆದು ಕಾಯಿ ಬಲಿತ ಮೇಲೆ, ಅಥವಾ ಒಣಕಾಳನ್ನು ನೆನೆಸಿ ಮಾಡಿದ ದಿನ, ಆ ಪದವನ್ನು ಹಲಗೆಯಿಂದ ಒರಸಬೇಕು. 2 ಗಂಟೆಗೇ ಸಾರು ಮುಗಿದರೆ ಹಲಗೆಯನ್ನೂ ಆಗಲೇ ಒರಸಬೇಕು. ಅಡುಗೆಮನೆಯಲ್ಲಿ ಆ ದಿನ ಏನಿದೆ ಎಂಬುದನ್ನು ನೋಡದೆ ಬರೆದ ಹಲಗೆಯನ್ನು ಪದಕ್ರಮ ಎಷ್ಟು ಸರಿಯಿದ್ದರೂ ಗಿರಾಕಿ ಎರಡನೆಯ ಸಲ ನಂಬುವುದಿಲ್ಲ.