ಸಂಪಿನ ನೀರು ಕದಡುವುದು ಯಾವಾಗ?

ನಮ್ಮ ಮನೆಯ ಸಂಪು 8 ಅಡಿ ಉದ್ದ, 6 ಅಡಿ ಅಗಲ. ನೀರು ನಿಲ್ಲುವ ಆಳ 5 ಅಡಿ. ತುಂಬಿದರೆ ಸುಮಾರು 6,800 ಲೀಟರ್ ಹಿಡಿಯುತ್ತದೆ. ಬೆಂಗಳೂರಿನ 30–40 ಸೈಟಿನ ಮನೆಗಳಲ್ಲಿ ಪೋರ್ಟಿಕೊ ಕೆಳಗೆ ಇಂಥ ಸಂಪು ಮಾಮೂಲು. ಗೋಡೆ ಸೋರದಂತೆ ಗಿಲಾವು ಮಾಡಿಸಲು ನಾನು ಎರಡು ದಿನ ಅಲ್ಲೇ ನಿಂತಿದ್ದೆ. ಆದರೆ ನೀರು ಎಲ್ಲಿಂದ ಒಳಗೆ ಬೀಳಬೇಕು, ಎಲ್ಲಿಂದ ಮೇಲೇರಬೇಕು ಎಂದು ಒಂದು ಮಾತೂ ಕೇಳಲಿಲ್ಲ.

ಎರಡನೇ ವರ್ಷ ನಲ್ಲಿಯಲ್ಲಿ ಆಗಾಗ ಕೆಂಪು ನೀರು ಬರತೊಡಗಿತು. ಕಾವೇರಿ ನೀರೇ ಕೆಟ್ಟಿದೆ ಎಂದುಕೊಂಡು ಫಿಲ್ಟರ್ ಹಾಕಿಸಲು ಹೊರಟಿದ್ದೆ. ತಡೆದದ್ದು ಅಮ್ಮ. “ದಿನಾ ಎಲ್ಲಿ ಬರುತ್ತೆ? ಯಾವತ್ತು ಬರುತ್ತೆ ಅಂತ ಮೊದಲು ನೋಡೋ” ಎಂದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಗುರುತು ಹಾಕಿದೆವು. ಕಾವೇರಿ ನೀರು ಬಿಟ್ಟ ದಿನ ಕೆಂಪು. ನೀರು ಬಾರದೆ ಸಂಪು ತಳ ಕಂಡಾಗ ಕೆಂಪು. ಜೋರು ಮಳೆಯಾದ ಮಾರನೇ ದಿನವೂ ಕೆಂಪು. ಮೂರಕ್ಕೂ ಬೇರೆ ಬೇರೆ ಕಾರಣವಿತ್ತು, ಮೂರೂ ಸಂಪಿನೊಳಗೇ ಇದ್ದವು.

ಮೊದಲನೆಯದು ನೀರು ಬೀಳುವ ಜಾಗ. ಪ್ಲಂಬರಿಗೆ ಕೈಗೆಟುಕುವುದು ಸಂಪಿನ ಬಾಯಿ. ಹಾಗಾಗಿ ಒಳಗೆ ಬರುವ ಪೈಪು, ಮೋಟರಿನ ಫುಟ್ ವಾಲ್ವ್ ಎರಡನ್ನೂ ಬಾಯಿಯ ಪಕ್ಕದಲ್ಲೇ ಇಳಿಸಿಬಿಡುತ್ತಾರೆ. ನಮ್ಮಲ್ಲೂ ಹಾಗೇ ಆಗಿತ್ತು. ಐದಡಿ ಮೇಲಿನಿಂದ ಬೀಳುವ ನೀರು ತಳದ ಹೂಳನ್ನು ಎಬ್ಬಿಸುತ್ತಿತ್ತು, ಒಂದಡಿ ಆಚೆಗಿದ್ದ ಫುಟ್ ವಾಲ್ವ್ ಅದನ್ನೇ ಎಳೆದು ಮೇಲಿನ ಟ್ಯಾಂಕಿಗೆ ಕಳಿಸುತ್ತಿತ್ತು.

ಪೈಪನ್ನು ತಳದವರೆಗೆ ಇಳಿಸಿದರೆ ನೀರು ಮೆಲ್ಲಗೆ ಬರುವುದಿಲ್ಲವೇ ಎಂದು ಕೇಳಬಹುದು. ಚಾವಣಿಯ ಮಳೆನೀರಿನ ಪೈಪಿಗೆ ಅದು ಸರಿ. ತಳದಲ್ಲಿ ಬೆಂಡ್ ಹಾಕಿ ಬಾಯಿಯನ್ನು ಮೇಲ್ಮುಖ ಮಾಡಿದರಾಯಿತು. ಆದರೆ ಬೀದಿಯ ಕೊಳವೆಗೆ ಸೇರಿದ ಪೈಪನ್ನು ಎಂದೂ ನೀರಿನಲ್ಲಿ ಮುಳುಗಿಸಬಾರದು. ದಿನ ಬಿಟ್ಟು ದಿನ ನೀರು ಬಿಡುವ ಊರಿನಲ್ಲಿ, ಸರಬರಾಜು ನಿಂತಾಗ ಕೊಳವೆ ಖಾಲಿಯಾಗುತ್ತಾ ಹಿಂದಕ್ಕೆ ಎಳೆಯುತ್ತದೆ. ಮುಳುಗಿದ ಪೈಪಿದ್ದರೆ ನಮ್ಮ ಸಂಪಿನ ನೀರು ಇಡೀ ಬೀದಿಯ ಕೊಳವೆಗೆ ಹೋಗುತ್ತದೆ. ಆದ್ದರಿಂದ ಆ ಪೈಪಿನ ತುದಿ, ಸಂಪು ತುಂಬಿ ಹೊರಹರಿಯುವ ಮಟ್ಟಕ್ಕಿಂತ ಪೈಪಿನ ಅಗಲದ ಎರಡು ಪಟ್ಟಾದರೂ ಮೇಲಿರಬೇಕು. ಮುಕ್ಕಾಲು ಇಂಚಿನ ಪೈಪಿಗೆ ಎರಡು ಇಂಚು ಬಿಟ್ಟರೆ ಸಾಕು.

ಹಾಗಾದರೆ ರಭಸ ತಡೆಯುವುದು ಹೇಗೆ? ಅದಕ್ಕೆ ಇರುವುದು ಅಡ್ಡಗೋಡೆ. ನಾವು ಪೈಪನ್ನು ಮೋಲ್ಡಿಂಗಿನ ಕೆಳಗೇ ಎಳೆದು, ಬಾಯಿಯಿಂದ ದೂರದ ತುದಿಗೆ ಒಯ್ದೆವು. ಆ ತುದಿಯ ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, ಸಂಪಿನ ಪೂರ್ತಿ ಅಗಲಕ್ಕೆ ಎರಡಡಿ ಎತ್ತರದ ಕಾಂಕ್ರೀಟ್ ಗೋಡೆ ಎಬ್ಬಿಸಿದೆವು. ನೀರು ಈಗ ಆ ತೊಟ್ಟಿಯೊಳಗೆ ಬೀಳುತ್ತದೆ, ಮಣ್ಣು ಅಲ್ಲೇ ಕೂರುತ್ತದೆ, ತಿಳಿನೀರು ಗೋಡೆ ದಾಟಿ ಈಚೆಗೆ ಬರುತ್ತದೆ. ಸಂಪು ಎರಡಡಿಗಿಂತ ಹೆಚ್ಚು ತುಂಬಿದಾಗಲೂ ಕದಡುವುದು ಬಹುಪಾಲು ಆ ಮೂಲೆಯಲ್ಲೇ. ಗೋಡೆಯ ಬುಡದಲ್ಲಿ ಒಂದಿಂಚಿನ ತೂತು ಬಿಟ್ಟು ಬಿರಡೆ ಹಾಕಿದ್ದೇವೆ. ತೊಳೆಯುವಾಗ ಮಾತ್ರ ಅದನ್ನು ತೆಗೆಯುವುದು.

ಎರಡನೆಯದು ಫುಟ್ ವಾಲ್ವಿನ ಎತ್ತರ. ನೀರೆಳೆಯುವ ಬಾಯಿ ತಳದಿಂದ ಆರು ಇಂಚು ಮೇಲಿರಬೇಕು ಎಂಬ ಮಾತು ಪ್ಲಂಬರಿಗೂ ಗೊತ್ತಿತ್ತು. ಅವರು ಅಳೆದದ್ದು ಪೈಪಿನ ತುದಿಗೆ. ಅದಕ್ಕೆ ಫುಟ್ ವಾಲ್ವ್ ತಿರುಗಿಸಿದಾಗ ಅದು ಇನ್ನೂ ಐದು ಇಂಚು ಕೆಳಗಿಳಿಯಿತು. ಅದರ ಜರಡಿ ನೆಲದಿಂದ ಒಂದೇ ಇಂಚು ಮೇಲೆ, ಹೂಳಿನೊಳಗೇ ಕೂತಿತ್ತು. ಅಳತೆ ಹಿಡಿಯಬೇಕಾದದ್ದು ಜರಡಿಯ ತಳಕ್ಕೆ.

ಆರು ಇಂಚು ಬಿಟ್ಟರೆ ನಮ್ಮ ಸಂಪಿನಲ್ಲಿ ಸುಮಾರು 680 ಲೀಟರ್ ಕೈಗೆ ಸಿಗದೆ ಉಳಿಯುತ್ತದೆ. ನೀರು ಕೊಂಡು ಕುಡಿಯುವ ಊರಿನಲ್ಲಿ ಇದು ಹೊಟ್ಟೆ ಉರಿಸುವ ಲೆಕ್ಕವೇ. ಆದರೂ ಕೊಡಬೇಕಾದ ಬೆಲೆ ಅದು. ನೀರು ಜರಡಿಯ ಹತ್ತಿರ ಇಳಿದಂತೆ ಸುಳಿ ಎದ್ದು ಮೋಟರ್ ಗಾಳಿ ಎಳೆಯುತ್ತದೆ. ಹಾಗಾಗಿ ನಮ್ಮ ಫ್ಲೋಟ್ ಸ್ವಿಚ್ಚು ಜರಡಿ ಮುಳುಗಿದ್ದು ಅದರ ಮೇಲೆ ಇನ್ನೂ ಆರು ಇಂಚು ನೀರಿರುವಾಗಲೇ ಮೋಟರ್ ನಿಲ್ಲಿಸುತ್ತದೆ. ಉಳಿದ ನೀರನ್ನು ಹೊರತೆಗೆಯಲು ನೆಲ ಬಾಯಿಯ ಕಡೆಗೆ ತುಸು ಇಳಿಜಾರಾಗಿರಬೇಕು. ಬಾಯಿಯ ನೇರಕ್ಕೆ ಒಂದಡಿ ಅಗಲದ ಪುಟ್ಟ ಗುಂಡಿ ಇದ್ದರೆ ಕೊನೆಯ ಮಡ್ಡಿಯನ್ನೂ ಮಗ್ಗಿನಲ್ಲಿ ತೋಡಬಹುದು.

ಮಳೆಯ ಮಾರನೇ ದಿನದ ಕೆಂಪಿಗೆ ಕಾರಣ ಮುಚ್ಚಳ. ಕಾರು ಹಾಯಲೆಂದು ಅದನ್ನು ಪೋರ್ಟಿಕೊ ನೆಲದ ಮಟ್ಟಕ್ಕೇ ಕೂರಿಸಿದ್ದರು. ಮಳೆಯ ಎರಚಲು, ಕಾರು ತೊಳೆದ ನೀರು ಅದರ ಸಂದಿಯಿಂದ ಇಳಿಯುತ್ತಿದ್ದವು. ಈಗ ಎರಡಡಿ ಚೌಕದ ಬಾಯಿಯ ಸುತ್ತ ಐದಿಂಚಿನ ಕಟ್ಟೆ ಇದೆ. ಮುಚ್ಚಳದ ಅಂಚು ಡಬ್ಬಿಯ ಮುಚ್ಚಳದಂತೆ ಕಟ್ಟೆಯ ಹೊರಗೆ ಎರಡಿಂಚು ಕೆಳಗೆ ಇಳಿದಿದೆ. ನಮ್ಮ ಬಾಯಿ ಗೋಡೆಯ ಪಕ್ಕದಲ್ಲಿದ್ದುದರಿಂದ ಕಟ್ಟೆ ಕಾರಿಗೆ ಅಡ್ಡಿಯಾಗಲಿಲ್ಲ. ನಡುವೆ ಇರುವವರು, ಚೌಕಟ್ಟಿನ ಗಾಡಿಯಲ್ಲಿ ಗ್ರೀಸ್ ತುಂಬುವ ಎರಡು ಅಂಚಿನ ಮುಚ್ಚಳ ಹಾಕಿಸಬಹುದು. ಅದು ಸೋರದಿರಬೇಕಾದರೆ ತೆಗೆದಾಗಲೆಲ್ಲ ಗ್ರೀಸ್ ಹಚ್ಚಬೇಕು. ಯಾವುದಾದರೂ ಸರಿ, ಬೀಗವಂತೂ ಬೇಕೇ ಬೇಕು. ಅರ್ಧ ಸರಿಸಿಟ್ಟ ಮುಚ್ಚಳದಲ್ಲಿ ಮಗು ಬಿದ್ದ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ!

ಮುಚ್ಚಳ ಬಿಗಿಯಾದ ಮೇಲೆ ಗಾಳಿಯ ಮಾತು ಬರುತ್ತದೆ. ನಿಮಿಷಕ್ಕೆ 40 ಲೀಟರ್ ನೀರೆಳೆಯುವ ಮೋಟರಿಗೆ ಸಂಪಿನೊಳಕ್ಕೆ ಅಷ್ಟೇ ಗಾಳಿ ಬರಬೇಕು. ಗಾಳಿಕೊಳವೆ ಇಲ್ಲದಿದ್ದರೆ ಅದು ಮುಚ್ಚಳದ ಸಂದಿಯಿಂದಲೇ ಧೂಳಿನ ಸಮೇತ ನುಗ್ಗುತ್ತದೆ. ಮೋಟರ್ ಓಡುತ್ತಿರುವಾಗ ಹೊತ್ತಿಸಿದ ಊದುಬತ್ತಿಯನ್ನು ಮುಚ್ಚಳದ ಅಂಚಿಗೆ ಹಿಡಿದು ನೋಡಿದೆ. ಒಂದು ಮೂಲೆಯಲ್ಲಿ ಹೊಗೆ ಬಾಗಿ ಒಳಗೆ ಜಾರಿತು. ಈಗ ಗೋಡೆಗೆ ಒರಗಿಸಿ ಎರಡಡಿ ಎತ್ತರದ ಪಿವಿಸಿ ಕೊಳವೆ ನಿಲ್ಲಿಸಿದ್ದೇವೆ. ಅದರ ತಲೆ ಕೊಡೆಯ ಹಿಡಿಯಂತೆ ಕೆಳಕ್ಕೆ ಬಾಗಿದೆ, ಹಾಗಾಗಿ ಮಳೆಯೂ ಬೆಳಕೂ ಒಳಗಿಳಿಯುವುದಿಲ್ಲ. ಬೆಳಕಿಲ್ಲದೆಡೆ ಪಾಚಿ ಕಟ್ಟದು. ತುದಿಗೆ ಕಿಟಕಿಗೆ ಹಾಕುವ ಸ್ಟೀಲಿನ ಸೊಳ್ಳೆ ಜಾಲರಿ ಬಿಗಿದಿದ್ದೇವೆ. ಪ್ಲಾಸ್ಟಿಕ್ಕಿನದು ಬಿಸಿಲಿಗೆ ಪುಡಿಯಾಗುತ್ತದೆ. ಡೆಂಗಿ ಹರಡುವ ಈಡಿಸ್, ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸಿ ಎರಡೂ ಇಂಥ ಶೇಖರಣೆಯ ನೀರಿನಲ್ಲೇ ಮೊಟ್ಟೆ ಇಡುತ್ತವೆ. ಬಕೆಟ್ಟಿನಲ್ಲಿ ಕುಣಿಯುವ ಹುಳು ಕಂಡರೆ ಮೊದಲು ಈ ಜಾಲರಿಗಳನ್ನು ನೋಡಿ. ಹೆಚ್ಚಾದ ನೀರು ಹೊರಹೋಗುವ ಪೈಪಿಗೂ ಅದೇ ಜಾಲರಿ ಬೇಕು.

ಒಂದು ಎಚ್ಚರಿಕೆ. ಕೊಳವೆ ಇದೆ ಎಂದು ಸಂಪಿನೊಳಗೆ ಧಾವಂತದಿಂದ ಇಳಿಯಬಾರದು. ಬಹುಕಾಲ ಮುಚ್ಚಿದ್ದ ಸಂಪಿನಲ್ಲಿ ಆಮ್ಲಜನಕ ಕಡಿಮೆಯಿರಬಹುದು, ವಾಟರ್‌ಪ್ರೂಫ್ ಬಣ್ಣ ಬಳಿಯುವಾಗಿನ ಆವಿ ಪ್ರಜ್ಞೆ ತಪ್ಪಿಸಬಹುದು. ಮುಚ್ಚಳ ತೆಗೆದು, ಹೊರಗಿನಿಂದ ಫ್ಯಾನಿನಲ್ಲಿ ಬಹಳ ಹೊತ್ತು ಗಾಳಿ ಬಿಟ್ಟು, ಸೊಂಟಕ್ಕೆ ಹಗ್ಗ ಕಟ್ಟಿ ಇಳಿಯಬೇಕು. ಮೇಲೊಬ್ಬರು ಅಲ್ಲೇ ನಿಂತಿರಬೇಕು. ಒಳಗಿನವರು ಕುಸಿದರೆ ಎಳೆಯಲು ಇನ್ನೊಬ್ಬರು ಹಾರಿದರೆ ಇಬ್ಬರ ಜೀವವೂ ಹೋಗುತ್ತದೆ.

ದುರಸ್ತಿಯಾಗಿ ವರ್ಷ ಕಳೆದ ಮೇಲೆ, ಮಾರ್ಚಿನಲ್ಲಿ, ಹಾಗೆಯೇ ಒಬ್ಬರನ್ನು ಇಳಿಸಿ ತೊಳೆಸಿದೆವು. ಅಮ್ಮ ಟಾರ್ಚ್ ಬಿಟ್ಟು ಇಣುಕಿದರು. ಅಡ್ಡಗೋಡೆಯ ಆಚೆ ಎರಡು ಬೆರಳು ದಪ್ಪದ ಕೆಂಪು ಹೂಳು. ಈಚೆ ಬರೀ ತೆಳು ಪದರ, ಅದರಿಂದ ಆರು ಇಂಚು ಮೇಲೆ ಫುಟ್ ವಾಲ್ವಿನ ಹಿತ್ತಾಳೆ ಜರಡಿ ಬೆಳಕಿಗೆ ಹೊಳೆಯುತ್ತಿತ್ತು.